ಉಳ್ಳಾಗಡ್ಡಿ ಸ್ಲೈಡಿನ ವೈವಾ: ಏನು ಕೇಳಬೇಕು, ಅಂಕ ಹೇಗೆ ಕೊಡಬೇಕು?

ಬಾಟನಿ ಪ್ರಾಕ್ಟಿಕಲ್‌ನಲ್ಲಿ "ಪ್ಲಾಸ್ಮಾಲಿಸಿಸ್ ಅಂದರೇನು?" ಎಂದು ಕೇಳಿದರೆ ಬಾಯಿಪಾಠದ ಉತ್ತರ ಬರುತ್ತದೆ. ಗದಗದಲ್ಲಿ ಪಾಠ ಮಾಡುವ ನಾನು ಆ ಪ್ರಶ್ನೆಯನ್ನೇ ಬಿಟ್ಟಿದ್ದೇನೆ. ನಮ್ಮ ಕಡೆ ಕೆಂಪು ಉಳ್ಳಾಗಡ್ಡಿ ಬೇಕಾದಷ್ಟು ಸಿಗುತ್ತದೆ. ಅದರ ಸ್ಲೈಡ್ ಎದುರಿಗಿಟ್ಟುಕೊಂಡೇ 5 ಅಂಕದ ವೈವಾ ನಡೆಸಬಹುದು.

ಮೊದಲು ಸ್ಲೈಡ್ ಸರಿಯಾಗಬೇಕು. ಒಣ ಸಿಪ್ಪೆ ಬೇಡ. ಅದರ ಕೆಳಗಿನ ರಸವಿರುವ ಎಸಳಿನ ಹೊರಮೈಯಿಂದ ಕೆಂಪು ಪದರ ಎಬ್ಬಿಸಿ, ನೀರಿನ ಹನಿಯಲ್ಲಿಡಿ. ಬಣ್ಣ ರಸದಾನಿಯಲ್ಲಿರುವುದರಿಂದ ಕೋಶ ತುಂಬಿದಂತೆ ಕಾಣುತ್ತದೆ. ಆಮೇಲೆ 100 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು ಹಾಕಿದ ದ್ರಾವಣವನ್ನು ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಬಿಡಿ. ಎದುರಿನ ಅಂಚಿಗೆ ಫಿಲ್ಟರ್ ಪೇಪರ್ ಹಿಡಿದು ನೀರು ಎಳೆಯಿರಿ. ಕೆಲವೇ ನಿಮಿಷದಲ್ಲಿ ಬಣ್ಣ ಭಿತ್ತಿ ಬಿಟ್ಟು ಒಳಗೆ ಸರಿಯುತ್ತದೆ.

ಈಗ ಮೊದಲ ಪ್ರಶ್ನೆ: "ಏನು ಕಾಣುತ್ತಿದೆ?" ಬಣ್ಣದ ಭಾಗ ಕುಗ್ಗಿದೆ, ಕೋಶದ ಹೊರ ಆಕಾರ ಹಾಗೇ ಇದೆ ಎಂದರೆ 1 ಅಂಕ. ಎರಡನೆಯದು "ಯಾಕೆ?", ಇದಕ್ಕೆ 2 ಅಂಕ. "ನೀರು ಹೋಯ್ತು" ಎಂದಷ್ಟೇ ಹೇಳಿ ನಿಲ್ಲಿಸಿದರೆ "ಎಲ್ಲಿಂದ, ಯಾವುದನ್ನು ದಾಟಿ?" ಎಂದು ಒಮ್ಮೆ ಕೆದಕಿ. ರಸದಾನಿಯ ನೀರು ಕೋಶಪೊರೆ ದಾಟಿ, ಉಪ್ಪು ಜಾಸ್ತಿ ಇರುವ ಕಡೆಗೆ ಹೋಯಿತು ಎಂದು ಬರಬೇಕು. ದಿಕ್ಕಿಗೆ 1, ಪೊರೆಗೆ 1.

ಮೂರನೆಯ ಪ್ರಶ್ನೆಯೇ ನಿಜವಾದ ಪರೀಕ್ಷೆ: "ಭಿತ್ತಿಗೂ ಕುಗ್ಗಿದ ಪೊರೆಗೂ ನಡುವಿನ ಜಾಗದಲ್ಲಿ ಏನಿದೆ?" ಇದಕ್ಕೆ 1 ಅಂಕ.

ಒಬ್ಬ ಹುಡುಗಿ ಮೊದಲೆರಡಕ್ಕೆ ಚೊಕ್ಕವಾಗಿ ಉತ್ತರಿಸಿ, ಇಲ್ಲಿ "ಗಾಳಿ ಐತ್ರಿ ಮೇಡಂ" ಎಂದಳು. "ತಪ್ಪು" ಎನ್ನಬೇಡಿ, ಮಕ್ಕಳು ಅಲ್ಲೇ ಬಾಯಿ ಮುಚ್ಚಿಬಿಡುತ್ತಾರೆ. "ಉಪ್ಪಿನ ನೀರನ್ನು ಭಿತ್ತಿ ತಡೀತದೇನು?" ಎಂದೆ. ಸ್ವಲ್ಪ ಯೋಚಿಸಿ, "ಇಲ್ರಿ, ಒಳಗ ಬಿಡ್ತೈತಿ... ಹಂಗಾದ್ರ ಅಲ್ಲಿ ಉಪ್ಪಿನ ನೀರೇ ಐತ್ರಿ" ಎಂದಳು. ಸುಳಿವು ಕೊಟ್ಟ ಮೇಲೆ ಬಂದ ಉತ್ತರಕ್ಕೆ ಅರ್ಧ ಅಂಕ. ಎರಡನೇ ಸುಳಿವು ಕೊಡಬಾರದು. ಕೊಟ್ಟರೆ ಉತ್ತರ ನಮ್ಮದಾಗುತ್ತದೆ, ಅಲ್ವಾ?

ಕೊನೆಯ 1 ಅಂಕಕ್ಕೆ: "ಪದರವನ್ನು ಕುದಿಸಿ ಉಪ್ಪುನೀರಿಗೆ ಹಾಕಿದರೆ?" ಪೊರೆ ಹಾಳಾಗಿ ಬಣ್ಣ ಸೋರುತ್ತದೆ, ಕುಗ್ಗುವುದು ಕಾಣುವುದಿಲ್ಲ. "ಆಗಲ್ಲ" ಎಂದಷ್ಟೇ ಹೇಳಿದರೆ ಅರ್ಧ, ಕಾರಣವೂ ಬಂದರೆ ಪೂರ್ತಿ. ಆ ಹುಡುಗಿ "ಆಗಂಗಿಲ್ರಿ" ಎಂದು ನಿಲ್ಲಿಸಿದಳು. ಒಟ್ಟು 4.

ಪದರ ಹರಿದು ಏನೂ ಕಾಣದಿದ್ದರೆ ವೈವಾದ ಅಂಕ ಕತ್ತರಿಸಬೇಡಿ. ಸ್ಲೈಡ್ ತಯಾರಿಕೆಗೆ ಬೇರೆ ಅಂಕ ಇರುತ್ತದೆ. ಪಕ್ಕದ ಟೇಬಲ್ಲಿನ ಒಳ್ಳೆಯ ಸ್ಲೈಡ್ ತೋರಿಸಿ ಕೇಳಿ.