ಬ್ರಿಟನ್ನಿನಲ್ಲಿ ಹೆಚ್ಚುವರಿ ಕಾರ್ಡು: ಬಳಸುವವರು ಒಬ್ಬರು, ಸಾಲಗಾರರು ಇನ್ನೊಬ್ಬರು

ಬ್ರಿಟನ್ನಿಗೆ ಬಂದು ಒಂದೆರಡು ವರ್ಷ ಕಳೆದು, ಕೈಗೊಂದು ಕ್ರೆಡಿಟ್ ಕಾರ್ಡು ಬಂದ ಮೇಲೆ, ಮನೆಯವರಿಗೂ ಒಂದು ಕಾರ್ಡು ಮಾಡಿಸಿಕೊಡುವ ಯೋಚನೆ ಬರುವುದು ಸಹಜ. ಡಿಪೆಂಡೆಂಟ್ ವೀಸಾದಲ್ಲಿ ಬಂದ ಹೆಂಡತಿಗೋ ಗಂಡನಿಗೋ, ಓದಲು ಬಂದ ತಮ್ಮನಿಗೋ ತಂಗಿಗೋ ಇಲ್ಲಿ ಇನ್ನೂ ಸಾಲದ ಇತಿಹಾಸವಿರುವುದಿಲ್ಲವಾದ್ದರಿಂದ, ಅವರ ಹೆಸರಿನಲ್ಲೇ ಅರ್ಜಿ ಹಾಕಿದರೆ ತಿರಸ್ಕೃತವಾಗುವ ಸಂಭವ ಹೆಚ್ಚು. ಆಗ ಸುಲಭವಾಗಿ ಕಾಣುವ ದಾರಿಯೆಂದರೆ ಅವರನ್ನು ನಮ್ಮ ಖಾತೆಗೆ ‘ಅಡಿಷನಲ್ ಕಾರ್ಡ್‌ಹೋಲ್ಡರ್’ ಆಗಿ ಸೇರಿಸುವುದು. ಕೆಲವು ಸಂಸ್ಥೆಗಳು ಇದನ್ನೇ ‘ಸಪ್ಲಿಮೆಂಟರಿ ಕಾರ್ಡ್’ ಎನ್ನುತ್ತವೆ. ಊರಿನಲ್ಲಿ ನಾವು ‘ಆ್ಯಡ್-ಆನ್ ಕಾರ್ಡ್’ ಎಂದು ಕರೆಯುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ.

ಸೇರಿಸುವ ಕೆಲಸ ಹತ್ತು ನಿಮಿಷದ್ದು. ಬ್ಯಾಂಕಿನ ಆ್ಯಪಿನಲ್ಲಿ ಅಥವಾ ಫೋನಿನಲ್ಲಿ ಆ ವ್ಯಕ್ತಿಯ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಕೆಲವೊಮ್ಮೆ ಮೊಬೈಲ್ ಸಂಖ್ಯೆ ಕೊಟ್ಟರೆ ಸಾಕು. ವಯಸ್ಸು ಸಾಮಾನ್ಯವಾಗಿ 18 ತುಂಬಿರಬೇಕು. ಅವರ ಸಂಬಳವನ್ನಾಗಲಿ ಸಾಲ ತೀರಿಸುವ ಶಕ್ತಿಯನ್ನಾಗಲಿ ಬ್ಯಾಂಕು ಅಳೆಯುವುದಿಲ್ಲ. ಕಾರಣ ಸರಳ: ಬ್ಯಾಂಕು ಅವರಿಗೆ ಸಾಲ ಕೊಡುತ್ತಿಲ್ಲ. ಸಾಲದ ಒಪ್ಪಂದ ಇರುವುದು ಮುಖ್ಯ ಕಾರ್ಡುದಾರರ ಜೊತೆಗೆ ಮಾತ್ರ. ಬ್ಯಾಂಕ್ ಖಾತೆಯನ್ನು ಇಬ್ಬರ ಹೆಸರಿನಲ್ಲಿ ಜಂಟಿಯಾಗಿ ತೆರೆಯಬಹುದಾದರೂ, ಇಲ್ಲಿನ ಕ್ರೆಡಿಟ್ ಕಾರ್ಡ್ ಖಾತೆ ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲೇ ಇರುತ್ತದೆ. ಎರಡನೆಯ ಕಾರ್ಡಿನ ಮೇಲೆ ಅಚ್ಚಾಗಿರುವ ಹೆಸರು ಬೇರೆಯಾದರೂ ಅದರ ಹಿಂದಿರುವ ಸಾಲ ಒಂದೇ, ಸಾಲಗಾರರೂ ಒಬ್ಬರೇ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡೋಣ. ರೆಡಿಂಗ್‌ನಲ್ಲಿ ಕೆಲಸದಲ್ಲಿರುವ ಅಕ್ಕ, ಸ್ನಾತಕೋತ್ತರ ಓದಿಗೆಂದು ಬಂದ ತಮ್ಮನಿಗೆ ಹೆಚ್ಚುವರಿ ಕಾರ್ಡು ಮಾಡಿಸಿಕೊಟ್ಟಳು ಎಂದಿಟ್ಟುಕೊಳ್ಳಿ. ಖಾತೆಯ ಮಿತಿ 3,000 ಪೌಂಡ್. ಆ ತಿಂಗಳು ಅಕ್ಕನ ದಿನಸಿ, ರೈಲು ಖರ್ಚು 420 ಪೌಂಡ್ ಆಗಿದೆ. ತಮ್ಮ ಆನ್‌ಲೈನ್ ಅಂಗಡಿಯೊಂದರಿಂದ 850 ಪೌಂಡಿನ ಲ್ಯಾಪ್‌ಟಾಪ್ ತರಿಸಿದ್ದಾನೆ, ಊಟ ತಿಂಡಿಗೆ 180 ಖರ್ಚು ಮಾಡಿದ್ದಾನೆ, ಬಾಡಿಗೆಗೆ ನಗದು ಬೇಕೆಂದು ಎಟಿಎಂನಿಂದ 200 ತೆಗೆದಿದ್ದಾನೆ. ನಗದು ತೆಗೆದುದಕ್ಕೆ ಶೇ. 3ರ ಶುಲ್ಕವೆಂದರೆ ಇನ್ನೂ 6 ಪೌಂಡ್ ಸೇರುತ್ತದೆ. ಸ್ಟೇಟ್‌ಮೆಂಟ್ ಅಕ್ಕನ ಹೆಸರಿಗೇ ಬರುತ್ತದೆ, ಮೊತ್ತ 1,656 ಪೌಂಡ್.

“ನನ್ನ ಪಾಲಿನದು 420, ಅದನ್ನು ನಾನು ಕಟ್ಟುತ್ತೇನೆ, ಉಳಿದದ್ದು ಅವನು ಕಟ್ಟಲಿ” ಎಂದು ಅಕ್ಕ ಬ್ಯಾಂಕಿಗೆ ಹೇಳುವಂತಿಲ್ಲ. ಪೂರ್ತಿ ಮೊತ್ತಕ್ಕೂ ಹೊಣೆ ಅವಳದೇ. 420 ಪೌಂಡ್ ಮಾತ್ರ ಕಟ್ಟಿದರೆ ಇನ್ನೊಂದು ನಷ್ಟವೂ ಇದೆ, ಇದನ್ನು ಬಹಳ ಮಂದಿ ಎಣಿಸಿಯೇ ಇರುವುದಿಲ್ಲ. ಕಾರ್ಡಿನ ಬಡ್ಡಿರಹಿತ ದಿನಗಳು ಸಿಗುವುದು ಇಡೀ ಬಾಕಿಯನ್ನು ಗಡುವಿನೊಳಗೆ ತೀರಿಸಿದಾಗ ಮಾತ್ರ. ಬಾಕಿ ಉಳಿಸಿಕೊಂಡರೆ ತಮ್ಮನ ಲ್ಯಾಪ್‌ಟಾಪಿಗೆ ಮಾತ್ರವಲ್ಲ, ಅಕ್ಕ ತಾನು ಕೊಂಡ ದಿನಸಿಗೂ ಕೊಂಡ ದಿನದಿಂದ ಬಡ್ಡಿ ಬೀಳುವುದು ವಾಡಿಕೆ. ನಗದಿನ ಕಥೆಯಂತೂ ಬೇರೆಯೇ: ಅದಕ್ಕೆ ಸಾಮಾನ್ಯವಾಗಿ ಬಡ್ಡಿರಹಿತ ದಿನಗಳೇ ಇಲ್ಲ, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಜೊತೆಗೆ, 3,000ದ ಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಕೆಯಾಗಿರುವುದು ದಾಖಲಾಗುವುದು ಅಕ್ಕನ ಕ್ರೆಡಿಟ್ ವರದಿಯಲ್ಲಿ. ಗಡುವು ತಪ್ಪಿದರೆ ಕಪ್ಪು ಚುಕ್ಕೆ ಬೀಳುವುದೂ ಅವಳ ವರದಿಗೇ. ಮನೆ ಸಾಲಕ್ಕೆ ಅರ್ಜಿ ಹಾಕುವ ಆಲೋಚನೆ ಇರುವವರು ಇದನ್ನು ಮೊದಲೇ ತೂಗಿ ನೋಡಬೇಕು.

ತಮ್ಮನಿಂದ ಹಣ ವಸೂಲಿ ಮಾಡುವುದು ಅಕ್ಕ-ತಮ್ಮಂದಿರ ನಡುವಿನ ವಿಷಯ. ಬ್ಯಾಂಕು ಅದರಲ್ಲಿ ತಲೆಹಾಕುವುದಿಲ್ಲ. ‘ಅಷ್ಟೊಂದು ಖರ್ಚು ಮಾಡೆಂದು ನಾನು ಹೇಳಿರಲಿಲ್ಲ’ ಎಂಬ ಮಾತನ್ನು ಬ್ಯಾಂಕು ವಂಚನೆಯ ದೂರೆಂದು ಪರಿಗಣಿಸುವುದೂ ಇಲ್ಲ. 1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟ್ ಇಲ್ಲಿ ಒಂದು ಗೆರೆ ಎಳೆದಿದೆ. ಕಾರ್ಡು ಕಳುವಾಗಿ ಅಪರಿಚಿತರು ಬಳಸಿದರೆ, ಬ್ಯಾಂಕಿಗೆ ತಿಳಿಸುವ ಮುಂಚಿನ ಬಳಕೆಗೆ ಗ್ರಾಹಕರ ಹೊಣೆಯನ್ನು ಆ ಕಾಯ್ದೆ ಹೆಚ್ಚೆಂದರೆ 35 ಪೌಂಡಿಗೆ ಸೀಮಿತಗೊಳಿಸುತ್ತದೆ. ಆದರೆ ಗ್ರಾಹಕರೇ ಒಪ್ಪಿ ಕಾರ್ಡನ್ನು ಕೈಗಿತ್ತ ವ್ಯಕ್ತಿಯ ಬಳಕೆಗೆ ಆ ಮಿತಿ ಅನ್ವಯಿಸುವುದಿಲ್ಲ. ‘ಇನ್ನು ಮುಂದೆ ಈ ವ್ಯಕ್ತಿ ಬಳಸುವಂತಿಲ್ಲ’ ಎಂದು ಬ್ಯಾಂಕಿಗೆ ತಿಳಿಸಿದ ಕ್ಷಣದವರೆಗಿನ ಎಲ್ಲ ಖರ್ಚೂ ಮುಖ್ಯ ಕಾರ್ಡುದಾರರ ತಲೆಯ ಮೇಲೆ ಬರುತ್ತದೆ.

ಇಲ್ಲಿಯವರೆಗಿನದು ಎಚ್ಚರವಿರುವವರಿಗೆ ಹೇಗೋ ಹೊಳೆಯುವ ಮಾತು. ಅದಕ್ಕಿಂತ ಗುಪ್ತವಾದ ತೊಡಕೊಂದು ಅದೇ ಕಾಯ್ದೆಯ 75ನೆಯ ಕಲಮಿನಲ್ಲಿದೆ. ಬೆಲೆ 100 ಪೌಂಡಿಗಿಂತ ಹೆಚ್ಚಿದ್ದು 30,000 ಪೌಂಡ್ ಮೀರದ ವಸ್ತುವನ್ನೋ ಸೇವೆಯನ್ನೋ ಕ್ರೆಡಿಟ್ ಕಾರ್ಡಿನಿಂದ ಕೊಂಡಾಗ, ಮಾರಿದವರು ಒಪ್ಪಂದ ಮುರಿದರೆ ಅಥವಾ ಸುಳ್ಳು ಹೇಳಿ ಮಾರಿದ್ದರೆ, ಅವರಷ್ಟೇ ಹೊಣೆ ಕಾರ್ಡು ಕೊಟ್ಟ ಬ್ಯಾಂಕಿನ ಮೇಲೂ ಇರುತ್ತದೆ. ಅಂಗಡಿ ದಿವಾಳಿಯಾಗಿ ಬಾಗಿಲು ಹಾಕಿದಾಗ ಹಣ ವಾಪಸು ಪಡೆಯಲು ಇದಕ್ಕಿಂತ ಗಟ್ಟಿಯಾದ ಆಸರೆ ಇಲ್ಲ. ಬ್ರಿಟನ್ನಿನಲ್ಲಿ ದೊಡ್ಡ ಖರೀದಿಗೆ ಡೆಬಿಟ್ ಬದಲು ಕ್ರೆಡಿಟ್ ಕಾರ್ಡು ಬಳಸಿ ಎಂದು ಅನುಭವಿಗಳು ಹೇಳುವುದೂ ಇದಕ್ಕಾಗಿಯೇ. ಆದರೆ ಈ ಹಕ್ಕು ನಿಲ್ಲಬೇಕಾದರೆ ಸಾಲಗಾರ, ಬ್ಯಾಂಕು, ಮಾರಾಟಗಾರ ಈ ಮೂವರ ನಡುವಿನ ಕೊಂಡಿ ಕಡಿಯದಂತಿರಬೇಕು, ಅಂದರೆ ಖರೀದಿಯ ಒಪ್ಪಂದ ಮಾಡಿಕೊಂಡವರೂ ಬ್ಯಾಂಕಿಗೆ ಸಾಲಗಾರರಾಗಿರುವವರೂ ಒಬ್ಬರೇ ಆಗಿರಬೇಕು.

ಮೇಲಿನ ಉದಾಹರಣೆಗೇ ಮರಳಿದರೆ, ತಮ್ಮ ತನ್ನ ಹೆಸರಿನಲ್ಲಿ, ತನ್ನ ಓದಿಗೆ, ತನ್ನ ವಿಳಾಸಕ್ಕೆ ತರಿಸಿದ ಲ್ಯಾಪ್‌ಟಾಪ್ ಬರುವ ಮೊದಲೇ ಆ ಅಂಗಡಿ ಮುಚ್ಚಿಹೋಯಿತೆನ್ನಿ. ಖರೀದಿಯ ಒಪ್ಪಂದ ತಮ್ಮನದು, ಸಾಲ ಅಕ್ಕನದು, ಕೊಂಡಿ ಕಡಿದಿದೆ. ತಮ್ಮ ಕೇಳಿದರೆ ‘ನೀವು ನಮ್ಮ ಸಾಲಗಾರರಲ್ಲ’ ಎಂದೂ, ಅಕ್ಕ ಕೇಳಿದರೆ ‘ನೀವು ಆ ಅಂಗಡಿಯ ಗ್ರಾಹಕರಲ್ಲ’ ಎಂದೂ ಬ್ಯಾಂಕು ಉತ್ತರಿಸಬಹುದು. ವಸ್ತುವೂ ಇಲ್ಲ, ಕಲಮಿನ ರಕ್ಷಣೆಯೂ ಇಲ್ಲ, 850 ಪೌಂಡಿನ ಸಾಲ ಮಾತ್ರ ಅಕ್ಕನಿಗೆ ಉಳಿಯುತ್ತದೆ. ಅದೇ ಲ್ಯಾಪ್‌ಟಾಪನ್ನು ಅಕ್ಕ ತನ್ನ ಹೆಸರಿನಲ್ಲಿ, ತನ್ನ ಕಾರ್ಡಿನಿಂದ ಕೊಂಡು ತಮ್ಮನಿಗೆ ಉಡುಗೊರೆಯಾಗಿ ಕೊಟ್ಟಿದ್ದರೆ ಈ ತೊಡಕು ಹುಟ್ಟುತ್ತಿರಲಿಲ್ಲ. ಗಂಡನ ಖಾತೆಯ ಹೆಚ್ಚುವರಿ ಕಾರ್ಡಿನಿಂದ ಹೆಂಡತಿ ಮನೆಗೆ ಸೋಫಾ ಕೊಂಡರೆ, ಅಥವಾ ಇಬ್ಬರಿಗೂ ಸೇರಿಸಿ ಬೆಂಗಳೂರಿನ ಪ್ರವಾಸ ಕಾದಿರಿಸಿದರೆ, ಮುಖ್ಯ ಕಾರ್ಡುದಾರರ ಪರವಾಗಿಯೂ ಕೊಂಡದ್ದೆಂದು ವಾದಿಸಲು ಅವಕಾಶವಿದೆ. ಆದರೆ ವಾದಿಸಬೇಕಾದ ಸ್ಥಿತಿಯನ್ನೇ ತಂದುಕೊಳ್ಳದಿರುವುದು ಲೇಸು. ವಿಮಾನದ ಟಿಕೆಟ್ಟು, ಮನೆಸಾಮಾನು, ಕೋರ್ಸಿನ ಶುಲ್ಕದಂಥ ದೊಡ್ಡ ಬಾಬತ್ತುಗಳನ್ನು ಮುಖ್ಯ ಕಾರ್ಡುದಾರರೇ, ರಸೀದಿಯಲ್ಲಿ ತಮ್ಮ ಹೆಸರು ಬರುವಂತೆ, ಕೊಳ್ಳುವುದು ಕ್ಷೇಮ.

75ನೆಯ ಕಲಮು ಕೈಕೊಟ್ಟಾಗ ‘ಚಾರ್ಜ್‌ಬ್ಯಾಕ್’ ಎಂಬ ಇನ್ನೊಂದು ಬಾಗಿಲನ್ನು ತಟ್ಟಬಹುದು. ಅದು ಕಾನೂನಿನ ಹಕ್ಕಲ್ಲ, ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳ ಒಳನಿಯಮ. ಅದಕ್ಕೆ ಯಾರ ಹೆಸರಿನ ಒಪ್ಪಂದ ಎಂಬುದು ಅಷ್ಟಾಗಿ ಅಡ್ಡಬರುವುದಿಲ್ಲ. ಆದರೆ ಕಾಲಮಿತಿ ಸಾಮಾನ್ಯವಾಗಿ 120 ದಿನಗಳಾದ್ದರಿಂದ ಕೂಡಲೇ ಕೇಳಬೇಕು. ಬ್ಯಾಂಕು ಒಪ್ಪದಿದ್ದರೆ ಲಿಖಿತ ದೂರು ಕೊಟ್ಟು, ಎಂಟು ವಾರಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಅಂತಿಮ ಉತ್ತರ ಸಮಾಧಾನ ತರದಿದ್ದರೆ, ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವೀಸ್‌ಗೆ ಹೋಗಬಹುದು. ಅದು ಉಚಿತ, ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಹೋಗಬೇಕು.

ಅಮೆರಿಕದಲ್ಲಿರುವ ಗೆಳೆಯರ ಸಲಹೆಯನ್ನು ಇಲ್ಲಿಗೆ ಹಾಗೆಯೇ ಎತ್ತಿ ತರುವುದರಿಂದ ಆಗುವ ಒಂದು ತಪ್ಪನ್ನೂ ಹೇಳಬೇಕು. ಅಲ್ಲಿ ಹೆಂಡತಿಯನ್ನು ಗಂಡನ ಕಾರ್ಡಿಗೆ ಸೇರಿಸಿದರೆ ಆ ಖಾತೆ ಆಕೆಯ ವರದಿಯಲ್ಲೂ ಕಾಣಿಸಿಕೊಂಡು ಆಕೆಯ ಸಾಲದ ಇತಿಹಾಸ ಬೆಳೆಯುವುದುಂಟು. ಬ್ರಿಟನ್ನಿನಲ್ಲಿ ಹಾಗಿಲ್ಲ. ಐದು ವರ್ಷ ಹೆಚ್ಚುವರಿ ಕಾರ್ಡನ್ನು ಶಿಸ್ತಿನಿಂದ ಬಳಸಿದರೂ ಆಕೆಯ ವರದಿಯ ಹಾಳೆ ಖಾಲಿಯೇ ಇರುತ್ತದೆ. ಇತಿಹಾಸ ಕಟ್ಟಬೇಕಾದರೆ ಆಕೆಯ ಹೆಸರಿನಲ್ಲೇ ಏನಾದರೂ ಇರಬೇಕು: ಸಣ್ಣ ಮಿತಿಯ ಕಾರ್ಡು, ಮಾಸಿಕ ಒಪ್ಪಂದದ ಮೊಬೈಲ್ ಸಂಪರ್ಕ, ಜೊತೆಗೆ ಮತದಾರರ ಪಟ್ಟಿಯಲ್ಲಿ ಹೆಸರು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ವೀಸಾದ ಮೇಲೆ ಇಲ್ಲಿ ವಾಸವಿರುವ ಭಾರತೀಯರೂ ಮತದಾರರಾಗಿ ನೋಂದಾಯಿಸಿಕೊಳ್ಳಬಹುದೆಂಬುದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಕಾರ್ಡು ಮಾಡಿಸುವ ಮುಂಚೆ ಬ್ಯಾಂಕಿಗೆ ಎರಡು ಪ್ರಶ್ನೆ ಕೇಳಿಡುವುದು ಒಳ್ಳೆಯದು. ಹೆಚ್ಚುವರಿ ಕಾರ್ಡಿಗೆ ಪ್ರತ್ಯೇಕ ಮಿತಿ ಹಾಕಬಹುದೇ ಎಂಬುದು ಒಂದು. ಬಹಳ ಕಡೆ ಹಾಕಲು ಬರುವುದಿಲ್ಲ, ಇಡೀ ಮಿತಿ ಇಬ್ಬರಿಗೂ ತೆರೆದಿರುತ್ತದೆ. ಎರಡನೆಯದು, ಎರಡೂ ಕಾರ್ಡುಗಳ ಸಂಖ್ಯೆ ಒಂದೆಯೇ, ಬೇರೆಯೇ ಎಂಬುದು. ಇದರ ಮಹತ್ವ ತಿಳಿಯುವುದು ಕಾರ್ಡು ರದ್ದು ಮಾಡುವ ದಿನ ಬಂದಾಗ. ಮುಖ್ಯ ಕಾರ್ಡುದಾರರು ಯಾವಾಗ ಬೇಕಾದರೂ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಅವರನ್ನು ತೆಗೆಯಬಹುದು. ಆದರೆ ಆಗಲೇ ಅನುಮತಿ ಪಡೆದು ಖಾತೆಗೆ ಇನ್ನೂ ಇಳಿಯದ ಪಾವತಿಗಳು ಆಮೇಲೂ ಬಂದು ಬೀಳುತ್ತವೆ, ಅವುಗಳ ಹೊಣೆ ತಪ್ಪುವುದಿಲ್ಲ. ಎರಡೂ ಕಾರ್ಡುಗಳ ಸಂಖ್ಯೆ ಒಂದೇ ಆಗಿದ್ದರಂತೂ, ತಮ್ಮ ಜಿಮ್‌ಗೋ ಸಿನಿಮಾ ಚಂದಾಕ್ಕೋ ಕೊಟ್ಟಿಟ್ಟ ಸಂಖ್ಯೆ ಅಕ್ಕನ ಕಾರ್ಡಿನ ಮೂಲಕ ಜೀವಂತವಾಗಿಯೇ ಇರುತ್ತದೆ, ತಿಂಗಳು ತಿಂಗಳೂ ಹಣ ಕಡಿತವಾಗುತ್ತಿರುತ್ತದೆ. ಆದ್ದರಿಂದ ಹೆಸರು ತೆಗೆಸುವಾಗಲೇ ಖಾತೆಗೆ ಹೊಸ ಸಂಖ್ಯೆಯ ಕಾರ್ಡು ಕೊಡುವಂತೆಯೂ, ಮರುಕಳಿಸುವ ಪಾವತಿಗಳ ಅನುಮತಿ ರದ್ದುಪಡಿಸುವಂತೆಯೂ, ತಮ್ಮನ ಫೋನಿನ ವಾಲೆಟ್‌ನಲ್ಲಿರುವ ಕಾರ್ಡನ್ನು ನಿಷ್ಕ್ರಿಯಗೊಳಿಸುವಂತೆಯೂ ಕೇಳಬೇಕು. ಫೋನಿನಲ್ಲಿ ಹೇಳಿದ ಮೇಲೆ ಅದೇ ದಿನ ಆ್ಯಪಿನ ಸಂದೇಶದಲ್ಲಿಯೂ ಅದನ್ನೇ ಬರೆದು ಕಳುಹಿಸಿದರೆ, ಯಾವ ದಿನ ಎಷ್ಟು ಹೊತ್ತಿಗೆ ತಿಳಿಸಿದಿರಿ ಎಂಬುದಕ್ಕೆ ದಾಖಲೆ ಉಳಿಯುತ್ತದೆ.