40 ರೂಪಾಯಿಯ ಲೀಡ್ ನನಗೆ 4,000 ಆಗಿದ್ದು ಹೇಗೆ

ಮೈಸೂರಿನಲ್ಲಿ ನನ್ನದು ಮಾಡ್ಯುಲರ್ ಕಿಚನ್ ಕೆಲಸ. ಫೇಸ್‌ಬುಕ್‌ನ ಫಾರ್ಮ್ ಜಾಹೀರಾತಿನಿಂದ ತಲಾ 40 ರೂಪಾಯಿಗೆ 100 ಲೀಡ್, ಅಂದರೆ ಆಸಕ್ತಿ ತೋರಿಸಿದವರ ಹೆಸರು-ನಂಬರ್, ಬಂದವು. ಖುಷಿಯೋ ಖುಷಿ. ಫೋನ್ ಮಾಡಿದರೆ ಅರ್ಧ ಜನ ಎತ್ತಲೇ ಇಲ್ಲ. ಎತ್ತಿದವರಲ್ಲೂ ಕೆಲವರು, "ನಾನ್ಯಾವ ಫಾರ್ಮ್ ತುಂಬಿದೆ ಸಾರ್?" ಅಂದರು. ಆರ್ಡರ್ ಸಿಕ್ಕಿದ್ದು ಒಂದೇ. ಅಲ್ಲಿಗೆ ಒಬ್ಬ ಗಿರಾಕಿಗೆ 4,000 ರೂಪಾಯಿ ಆಯ್ತು ಅಲ್ವಾ?

ಆ ಫಾರ್ಮಿನಲ್ಲಿ ಹೆಸರು, ನಂಬರ್ ಪ್ರೊಫೈಲಿನಿಂದ ತಾನಾಗಿಯೇ ತುಂಬಿಕೊಳ್ಳುತ್ತವೆ. ಸುಮ್ನೆ ಎರಡು ಸಲ ಒತ್ತಿದರೂ ಲೀಡ್ ಆಗುತ್ತದೆ. ಫಾರ್ಮಿನ ಬಗೆಯಲ್ಲಿ ನಾನು ಆರಿಸಿದ್ದೂ ಹೆಚ್ಚು ಲೀಡ್ ತರುವ More volume. ಹಾಗಾಗಿ ಜಾಹೀರಾತು ಫಾರ್ಮ್ ತುಂಬುವವರನ್ನು ಹುಡುಕಿತೇ ಹೊರತು ಕೊಳ್ಳುವವರನ್ನಲ್ಲ.

ಅದನ್ನು ಬದಲಿಸಿ, ನಿಜವಾಗಿ ಆಸಕ್ತಿ ಇರುವವರಿಗಾಗಿ ಇರುವ Higher intent ಮಾಡಿದೆ. ಈಗ ಕಳಿಸುವ ಮುಂಚೆ ವಿವರ ನೋಡಿ ಒಪ್ಪಬೇಕು. ಜೊತೆಗೆ, "ಮನೆ ಕೆಲಸ ಎಲ್ಲಿಗೆ ಬಂದಿದೆ?" ಎಂಬ ಪ್ರಶ್ನೆಗೆ ಟೈಪ್ ಮಾಡಿಯೇ ಉತ್ತರಿಸಬೇಕು.

ಆಮೇಲೆ ಪ್ರತಿ ಲೀಡ್‌ಗೂ ಅಂಕ. ಅಡುಗೆಮನೆ ಟೈಲ್ಸ್ ಮುಗಿದಿದ್ದರೆ 4, ಬಜೆಟ್ ಹೊಂದಿದರೆ 3, ಮೊದಲ ಕರೆ ಎತ್ತಿದರೆ 2, ಊರೊಳಗಿದ್ದರೆ 1. ಒಟ್ಟು 7 ದಾಟಿದವರ ಮನೆಗೆ ಅದೇ ವಾರ ಅಳತೆಗೆ ಹೋಗುತ್ತೇನೆ.

ಮುಂದಿನ ತಿಂಗಳು ಲೀಡ್ 150 ರೂಪಾಯಿಗೆ ಏರಿತು, ಬಂದಿದ್ದು 28. ಆರ್ಡರ್ ಮೂರು, ಜಾಹೀರಾತಿಗೆ ತಲಾ 1,400 ಖರ್ಚು. ಮೂರನೆಯವರಿಗೆ ನಾನು ಕೊಟ್ಟಿದ್ದು ಬರೀ 5 ಅಂಕ. ಆಗಿನ್ನೂ ಟೈಲ್ಸ್ ಹಾಕಿರಲಿಲ್ಲ. ಈಗ ಅಂಥವರಿಗೆ ತಿಂಗಳು ಬಿಟ್ಟು ಮತ್ತೆ ಫೋನ್ ಮಾಡುತ್ತೇನೆ.