ನಿಂತ ಜಾಗ ಒಂದು, ಎಡವಿದ ಜಾಗ ಇನ್ನೊಂದು

ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಒಂದು ವೆಬ್‌ಸೈಟನ್ನು 6 ಜನರಿಂದ ಬಳಸಿ ನೋಡಿಸಿದ್ದೆವು. ಕೊಟ್ಟಿದ್ದು ಒಂದೇ ಕೆಲಸ: ಈಗಾಗಲೇ ಬುಕ್ ಆಗಿರುವ ದಿನವನ್ನು ಬದಲಾಯಿಸಿ. ಆ 6 ಸ್ಕ್ರೀನ್ ರೆಕಾರ್ಡಿಂಗ್‌ಗಳನ್ನು ನೋಡಿ ವರದಿ ಕೊಡುವುದು ನನ್ನ ಪಾಲಿಗೆ ಬಂತು.

ಮೊದಲ ಸಲ ನೋಡುವಾಗ ಒಂದು ಶೀಟ್ ತೆರೆದಿಟ್ಟುಕೊಳ್ಳುತ್ತೇನೆ. ಯಾರು, ಎಷ್ಟನೇ ನಿಮಿಷ, ಯಾವ ಪೇಜ್, ಏನಾಯಿತು. ನಾಲ್ಕೇ ಕಾಲಂ. 'ಯಾಕೆ' ಅನ್ನುವ ಕಾಲಂ ಬೇಕಂತಲೇ ಇಡುವುದಿಲ್ಲ. ಮೊದಮೊದಲು 'ಇಲ್ಲಿ ಗೊಂದಲವಾಯಿತು' ಎಂದು ಬರೆದುಬಿಡುತ್ತಿದ್ದೆ. ಗೊಂದಲ ವಿಡಿಯೋದಲ್ಲಿ ಕಾಣುವುದಿಲ್ಲ, ಅದು ನನ್ನ ಊಹೆ ಅಷ್ಟೇ. ಈಗ 'ಕರ್ಸರ್ "ಉಳಿಸಿ" ಬಟನ್ ಮೇಲೆ 9 ಸೆಕೆಂಡ್ ನಿಂತಿತು' ಎಂದು ಬರೆಯುತ್ತೇನೆ.

ಎಷ್ಟು ಹೊತ್ತು ನಿಂತರೆ ಅದು ತಡವರಿಕೆ? ಎಲ್ಲರಿಗೂ ಒಂದೇ ಅಳತೆ ಹಾಕಿದರೆ ಕೆಡುತ್ತದೆ. ಈ 6 ಜನರಲ್ಲಿ ಒಬ್ಬರು ಪ್ರತಿ ಪೇಜಿನಲ್ಲೂ 4 ಸೆಕೆಂಡ್ ಸುಮ್ನೆ ನೋಡಿ, ಆಮೇಲೆ ಕ್ಲಿಕ್ ಮಾಡುವವರು. ಅದು ಅವರ ಓದುವ ವೇಗ. ಇನ್ನೊಬ್ಬರದು ಪಟಪಟ ಕೈ, ಅವರು 4 ಸೆಕೆಂಡ್ ನಿಂತರೆ ಏನೋ ಆಗಿದೆ ಅಂತಲೇ ಅರ್ಥ. ಹಾಗಾಗಿ ಶುರುವಿನ ಸುಲಭದ ಪೇಜುಗಳಲ್ಲಿ ಒಬ್ಬೊಬ್ಬರ ನಡೆ ಹೇಗಿದೆ ಎಂದು ನೋಡಿಕೊಂಡು, ಅದಕ್ಕಿಂತ ಜಾಸ್ತಿ ನಿಂತ ಕಡೆ ಮಾತ್ರ ಗುರುತು ಹಾಕಿದೆ. ಆಡಿಯೋ ಆಫ್ ಮಾಡುವಂತಿಲ್ಲ. ಕೆಲವರು ಮಾತಾಡುತ್ತಾ ನಿಂತಿರುತ್ತಾರೆ, ಅದು ತಡವರಿಕೆಯಲ್ಲ.

ತಪ್ಪು ಕ್ಲಿಕ್‌ನಲ್ಲೂ ಎರಡು ಬಗೆ ಇದೆ. ದಿನ ಬದಲಾಯಿಸಲು ಒತ್ತಬೇಕಾಗಿದ್ದು ಒಂದು ಪೆನ್ಸಿಲ್ ಗುರುತು. 4 ಜನ ಅದನ್ನು ಬಿಟ್ಟು ಪಕ್ಕದ ದಿನಾಂಕದ ಮೇಲೆ ಕ್ಲಿಕ್ ಮಾಡಿದ್ದರು. ಪೆನ್ಸಿಲ್ ಚಿಕ್ಕದು, ಕೈ ಜಾರಿದೆ ಎಂದು ಬರೆಯಹೊರಟಿದ್ದೆ. VLC ವಿಡಿಯೋ ಪ್ಲೇಯರ್‌ನಲ್ಲಿ `e` ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿದಾಗ ಬೇರೆಯೇ ಕಂಡಿತು. ಕರ್ಸರ್ ಪೆನ್ಸಿಲ್ ಕಡೆ ಹೋಗಿಯೇ ಇಲ್ಲ, ನೇರವಾಗಿ ದಿನಾಂಕದ ನಡುವಿಗೆ ಬಂದು ನಿಂತಿದೆ. ಇಬ್ಬರು ಅಲ್ಲೇ ಮತ್ತೆ ಮತ್ತೆ ಕ್ಲಿಕ್ ಮಾಡಿದ್ದಾರೆ. ಅಂದರೆ ಕೈ ಜಾರಿದ್ದಲ್ಲ. ದಿನಾಂಕ ನೀಲಿ ಅಕ್ಷರದಲ್ಲಿತ್ತು, ಒತ್ತಿದರೆ ತೆರೆಯುತ್ತದೆ ಎಂದು ಅವರು ನಂಬಿದ್ದರು. ಪೆನ್ಸಿಲನ್ನು ದೊಡ್ಡದು ಮಾಡಿದ್ದರೆ ಏನೂ ಉಪಯೋಗ ಆಗುತ್ತಿರಲಿಲ್ಲ.

ನನಗೆ ಜಾಸ್ತಿ ಹೊತ್ತು ಹಿಡಿದಿದ್ದು ಆ 'ಉಳಿಸಿ' ಬಟನ್. 3 ಜನ ಅಲ್ಲಿ 7ರಿಂದ 9 ಸೆಕೆಂಡ್ ನಿಂತಿದ್ದರು. ತಂಡದಲ್ಲಿ ಎಲ್ಲರೂ ಬಟನ್ ಮೇಲಿನ ಪದವೇ ಸರಿಯಿಲ್ಲ ಎಂದರು. ನನಗೂ ಹಾಗೇ ಅನ್ನಿಸಿತ್ತು. ಆದರೆ ನನಗೊಂದು ಅಭ್ಯಾಸ ಇದೆ. ಯಾರಾದರೂ ನಿಂತರೆ, 20 ಸೆಕೆಂಡ್ ಹಿಂದಕ್ಕೆ ಹೋಗಿ ಅಲ್ಲಿಂದ ನೋಡುತ್ತಾ ಬರುತ್ತೇನೆ. ಹಾಗೆ ನೋಡಿದಾಗ ಮೂವರದೂ ಒಂದೇ ದಾರಿ. ಕ್ಯಾಲೆಂಡರ್‌ನಲ್ಲಿ ಹೊಸ ದಿನ ಆರಿಸಿದರು, ಕ್ಯಾಲೆಂಡರ್ ಮುಚ್ಚಿತು, ಕರ್ಸರ್ ಕೆಳಗೆ 'ಉಳಿಸಿ'ಗೆ ಬಂತು, ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಕೆಳಗೆ. ಮೇಲೆ ಏನಿತ್ತು? ಹಳೇ ದಿನಾಂಕ! ಉಳಿಸುವ ತನಕ ಅದು ಬದಲಾಗುತ್ತಲೇ ಇರಲಿಲ್ಲ. 'ಹೊಸ ದಿನ ಆಯ್ಕೆಯಾಗಿದೆ' ಎಂಬ ಸಂದೇಶ 3 ಸೆಕೆಂಡ್ ಬಂದು ಮಾಯವಾಗುತ್ತಿತ್ತು. ಒಬ್ಬರು "ಇದು ಹಳೇ ಡೇಟ್ ಅಲ್ವಾ?" ಎಂದು ಮೆಲ್ಲಗೆ ಅಂದಿದ್ದು, ಮೊದಲ ಸಲ ನನ್ನ ಕಿವಿಗೇ ಬಿದ್ದಿರಲಿಲ್ಲ. ಅವರು ಕ್ಯಾಲೆಂಡರ್ ಮತ್ತೆ ತೆರೆದು ಅದೇ ದಿನ ಆರಿಸಿ, ಕೊನೆಗೆ ಸಾಕು ಎಂದು ಬಿಟ್ಟರು.

ಕೈಬಿಟ್ಟಿದ್ದು ಅವರೊಬ್ಬರೇ ಎಂದುಕೊಂಡಿದ್ದೆ. ಇನ್ನೊಬ್ಬರು ಆ ಸಂದೇಶ ನೋಡಿ ಖುಷಿಯಿಂದ "ಆಯ್ತು" ಅಂದಿದ್ದರು. 'ಉಳಿಸಿ' ಒತ್ತಿಯೇ ಇಲ್ಲ. ಕೆಲಸ ಮುಗಿಯದಿದ್ದರೂ ಮುಗಿಯಿತು ಎಂದು ನಂಬಿ ಹೋಗುವವರು ಬೇಜಾರಾಗಿ ಬಿಡುವವರಿಗಿಂತ ಅಪಾಯ. ಅವರು ದೂರು ಕೂಡ ಹೇಳುವುದಿಲ್ಲ. ಅದಕ್ಕೇ ಬಾಯಲ್ಲಿ ಏನು ಹೇಳಿದರು ಎನ್ನುವುದರ ಜೊತೆಗೆ ಕೊನೆಯ ಪೇಜ್ ಯಾವ ಸ್ಥಿತಿಯಲ್ಲಿತ್ತು ಎಂದೂ ಈಗ ಬರೆದುಕೊಳ್ಳುತ್ತೇನೆ.

ಒಂದು ರೆಕಾರ್ಡಿಂಗ್‌ನಲ್ಲಿ ಟೆಸ್ಟ್ ನಡೆಸುತ್ತಿದ್ದವರು ಪಾಪ ತಡೆಯಲಾರದೆ "ಕೆಳಗೆ ನೋಡಿ" ಎಂದುಬಿಟ್ಟಿದ್ದರು. ಅಲ್ಲಿಂದ ಮುಂದಿನದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ವರದಿಯಲ್ಲಿ '6ರಲ್ಲಿ 3 ಜನ' ಎಂದೇ ಬರೆದೆ. ಇಷ್ಟು ಕಡಿಮೆ ಜನಕ್ಕೆ ಶೇಕಡಾ ಲೆಕ್ಕ ಹಾಕಿದರೆ ಓದುವವರು ಮೋಸ ಹೋಗುತ್ತಾರೆ.

ಆಮೇಲೆ ವೆಬ್‌ಸೈಟಿನಲ್ಲಿ ದಿನಾಂಕವನ್ನೇ ಒತ್ತುವಂತೆ ಮಾಡಿದರು, ಆರಿಸಿದ ಕೂಡಲೇ ಹೊಸ ದಿನ ಕಾಣುವಂತೆಯೂ ಮಾಡಿದರು. ಎರಡನೇ ಸುತ್ತು ಫೋನಿನಲ್ಲಿ ನಡೆಯಿತು. ಅಲ್ಲಿ ಕರ್ಸರ್ ಇರುವುದಿಲ್ಲ, ಆಂಡ್ರಾಯ್ಡ್‌ನ Developer options ಒಳಗೆ Show taps ಆನ್ ಮಾಡದಿದ್ದರೆ ಬೆರಳು ಎಲ್ಲಿ ಬಿತ್ತು ಎಂದೇ ತಿಳಿಯುವುದಿಲ್ಲ. 'ಉಳಿಸಿ' ಹತ್ತಿರ ಈ ಸಲ ಯಾರೂ ನಿಲ್ಲಲಿಲ್ಲ. ಇಬ್ಬರು ಕ್ಯಾಲೆಂಡರ್‌ನಲ್ಲಿ ಮುಂದಿನ ತಿಂಗಳಿಗೆ ಹೋಗುವುದು ಹೇಗೆಂದು ಹುಡುಕುತ್ತಾ ನಿಂತರು.